ಈಜಿ ಬಂದ ಒದ್ದೆ ಕೂದಲು ಮಾಡಲು ಹೋದರೆ ಎಣ್ಣೆ ಹಚ್ಚಿದ ತಲೆಯಾಗುತ್ತಿದೆ (ಬ್ಲೆಂಡರ್)

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಬ್ಲೆಂಡರ್‌ನಲ್ಲಿ ಒಂದು ಪುಟ್ಟ ಅನಿಮೇಶನ್ ಮಾಡುತ್ತಿದ್ದೇನೆ. ಹಳ್ಳಿಯ ಮಕ್ಕಳಿಗೆ ತೋಟದ ಬಾವಿಯಲ್ಲಿ ಈಜು ಕಲಿಸುವ ಒಬ್ಬ ಅಕ್ಕನ ಕತೆ. ಅವಳು ನೀರಿನಿಂದ ಎದ್ದು ಬಂದು ಮೆಟ್ಟಿಲ ಮೇಲೆ ಕೂತು ಮಕ್ಕಳನ್ನು ಬೈಯುವ ಶಾಟ್ ಇದೆ. ಕ್ಯಾಮೆರಾ ಭುಜದಿಂದ ಮೇಲೆ. ಬೆಳಗಿನ ಬಿಸಿಲು ಹಿಂದಿನಿಂದ, ಸ್ವಲ್ಪ ಬಲಕ್ಕೆ. ಕೂದಲು ಕಪ್ಪು, ಬೆನ್ನಿನ ಅರ್ಧದವರೆಗೆ ಬರುತ್ತದೆ.

ಸಮಸ್ಯೆ ಏನಂದರೆ ಕೂದಲು ಒದ್ದೆಯಾದ ಹಾಗೆ ಕಾಣುತ್ತಿಲ್ಲ. ಚೆನ್ನಾಗಿ ಎಣ್ಣೆ ತಟ್ಟಿ ಬಾಚಿದ ಹಾಗೆ ಕಾಣುತ್ತಿದೆ. ಮೆಟೀರಿಯಲ್ Principled Hair BSDF. `Roughness` ಅನ್ನು 0.3 ಇಂದ 0.05ಕ್ಕೆ ಇಳಿಸಿದ್ದೇನೆ, `Coat` ಪೂರ್ತಿ 1. ಹೊಳೆಯುವುದೇನೋ ಹೊಳೆಯುತ್ತದೆ. ನನ್ನ ತಂಗಿ ನೋಡಿ "ಇವಳು ಈಜಿ ಬಂದಿದ್ದಾಳಾ, ಮದುವೆಗೆ ಹೊರಟಿದ್ದಾಳಾ?" ಅಂತ ಕೇಳಿದಳು.

ಕೂದಲು ಎಳೆ ಎಳೆಯಾಗಿ ಅಂಟಿಕೊಳ್ಳಬೇಕು, ತುದಿಯಲ್ಲಿ ನೀರು ತೊಟ್ಟಿಕ್ಕಬೇಕು. ಎಲ್ಲಿಂದ ಶುರು ಮಾಡಲಿ? ಇದು ಕರ್ವ್ ಕೂದಲು, ಹಳೇ ಪಾರ್ಟಿಕಲ್ ಅಲ್ಲ.

ರೆಂಡರ್‌ರಾಯ

ಸುಲಭ. ನೀರು ಬಿದ್ದರೆ ಯಾವ ವಸ್ತುವಾದರೂ ಕಪ್ಪಾಗುತ್ತದೆ ಅಲ್ವಾ, ಬಟ್ಟೆ ನೋಡಿ, ಮಣ್ಣು ನೋಡಿ. `Melanin` 1 ಮಾಡಿ, `Roughness` ಇನ್ನೂ ಇಳಿಸಿ. ಕಪ್ಪು ಮತ್ತು ಹೊಳಪು ಎರಡೂ ಸೇರಿದರೆ ಒದ್ದೆ. ಮುಗೀತು.

ಸೋಮಾರಿಸಂಜೆ

ತಂಗಿಯನ್ನು ಆರ್ಟ್ ಡೈರೆಕ್ಟರ್ ಮಾಡಿ. ಕೆಲಸ ಬೇಗ ಮುಗಿಯುತ್ತದೆ.

ನೋಡುಗಂಟು

ರಾಯರೇ, ಕಪ್ಪಾಗುತ್ತದೆ ಅನ್ನುವುದು ಸರಿ. ಕಂದು ಕೂದಲು, ಹೊಂಬಣ್ಣದ ಕೂದಲಿಗೆ ಅದು ದೊಡ್ಡ ಸುಳಿವು. ಆದರೆ ಇಲ್ಲಿರುವುದು ಮೊದಲೇ ಕಪ್ಪಾದ ಕೂದಲು. ಕಪ್ಪಿನ ಮೇಲೆ ಇನ್ನೆಷ್ಟು ಕಪ್ಪು ಮಾಡುತ್ತೀರಿ? ನಮ್ಮ ಕಡೆಯ ಕೂದಲಿಗೆ ಬಣ್ಣದಿಂದ ಒದ್ದೆ ತೋರಿಸಲು ಜಾಗವೇ ಇಲ್ಲ. ಆಕಾರದಿಂದಲೇ ತೋರಿಸಬೇಕು.

ಕೆರೆದಂಡೆ, ಮೊದಲು ಒಂದು ಕೆಲಸ ಮಾಡಿ. ಹೇರ್ ಮೆಟೀರಿಯಲ್ ತೆಗೆದು ಹಾಕಿ. ಕೂದಲಿಗೆ ಸುಮ್ನೆ ಒಂದು ಬೂದು ಬಣ್ಣದ, ಹೊಳಪೇ ಇಲ್ಲದ ಮೆಟೀರಿಯಲ್ ಕೊಟ್ಟು ರೆಂಡರ್ ಮಾಡಿ. ಆಗಲೂ ನೋಡಿದವರಿಗೆ "ಒದ್ದೆ" ಅನ್ನಿಸಬೇಕು. ಅನ್ನಿಸದಿದ್ದರೆ ನಿಮ್ಮ ತೊಂದರೆ ಹೊಳಪಿನದಲ್ಲ. ಎಣ್ಣೆ ತಲೆಗೂ ಹೊಳಪು ಇದೆ, ಒದ್ದೆ ತಲೆಗೂ ಇದೆ. ಹೊಳಪೊಂದನ್ನೇ ಹೆಚ್ಚಿಸುತ್ತಾ ಹೋದರೆ ಎಣ್ಣೆಯೇ ಜಾಸ್ತಿಯಾಗುತ್ತದೆ.

ಆ ಬೂದು ರೆಂಡರ್ ಹಾಕಿ, ಆಮೇಲೆ ಮಾತಾಡೋಣ.

ಈಜುಮೀನು

ನನಗೂ ಇದೇ ಸಮಸ್ಯೆ!! ಪೂಲ್‌ನಿಂದ ಬಂದ ಮೇಲೆ ಕೂದಲು ಗಂಟು ಗಂಟಾಗಿ ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ತೆಂಗಿನ ನಾರು. ಕ್ಲೋರಿನ್‌ನಿಂದ ಅಂತ ಕಾಣುತ್ತೆ. ಏನು ಹಚ್ಚುತ್ತೀರಿ ನೀವೆಲ್ಲ? ಈ ಬ್ಲೆಂಡರ್ ಅಂದರೆ ಯಾವ ಕಂಪನಿಯ ಕಂಡಿಷನರ್?

ಸೋಮಾರಿಸಂಜೆ

ಚಟ್ನಿ ರುಬ್ಬುವುದು ಮೇಡಂ.

ಕತ್ತರಿಬಾಚಣಿಗೆ

ಈಜುಮೀನು ಅವರೇ, ಇಲ್ಲಿ ಕಂಪ್ಯೂಟರಿನಲ್ಲಿ ಕೂದಲು ಮಾಡುವ ಮಾತು ನಡೆಯುತ್ತಿದೆ. ಆದರೂ ಕೇಳಿದಿರಿ, ಹೇಳುತ್ತೇನೆ. ಪೂಲಿಗೆ ಇಳಿಯುವ ಮೊದಲು ಮಾಮೂಲಿ ನಲ್ಲಿ ನೀರಿನಲ್ಲಿ ತಲೆ ಪೂರ್ತಿ ನೆನೆಸಿಕೊಳ್ಳಿ. ಕೂದಲು ಮೊದಲೇ ನೀರು ಕುಡಿದಿದ್ದರೆ ಪೂಲಿನ ನೀರನ್ನು ಕಡಿಮೆ ಹೀರುತ್ತದೆ. ಮೇಲೆ ಸ್ವಲ್ಪ ಕಂಡಿಷನರ್ ಸವರಿ ಟೋಪಿ ಹಾಕಿ. ಹೊರಗೆ ಬಂದ ಕೂಡಲೇ ತೊಳೆದುಬಿಡಿ, ಮನೆಗೆ ಹೋಗಿ ತೊಳೆದರಾಯಿತು ಅಂತ ಬಿಡಬೇಡಿ.

ಈಗ ಕೆರೆದಂಡೆ ಅವರಿಗೆ. ನಾನು ಶೂಟಿಂಗ್‌ಗಳಲ್ಲಿ ಹೇರ್ ಕೆಲಸ ಮಾಡುವವಳು, ಕಂಪ್ಯೂಟರ್ ಗೊತ್ತಿಲ್ಲ. ನಮಗೂ ಇದೇ ತಲೆನೋವು. ಹೀರೊಯಿನ್ ಹೊಳೆಯಿಂದ ಎದ್ದು ಬರುವ ದೃಶ್ಯ ಅಂದರೆ ಬರೀ ನೀರು ಸಾಲುವುದಿಲ್ಲ, ಲೈಟಿನ ಬಿಸಿಗೆ ಒಂದೆರಡು ಟೇಕ್ ಆಗುವಷ್ಟರಲ್ಲಿ ಆರಿಹೋಗುತ್ತದೆ. ಹಾಗಾಗಿ ಜೆಲ್ ಹಾಕುತ್ತೇವೆ. ಹೊಸಬರು ಜೆಲ್ ಹಾಕಿ ಬಾಚಣಿಗೆಯಿಂದ ನೀಟಾಗಿ ಬಾಚಿಬಿಡುತ್ತಾರೆ. ಕ್ಯಾಮೆರಾದಲ್ಲಿ ನೋಡಿದರೆ ನಿಮ್ಮ ತಂಗಿ ಹೇಳಿದ ಹಾಗೆ, ಮದುವೆ ತಲೆ. ಒದ್ದೆ ಕೂದಲನ್ನು ಬಾಚಬಾರದು. ಬೆರಳು ಹಾಕಿ ಬೇರೆ ಬೇರೆ ಎಳೆಗಳಾಗಿ ಹಿಂಡಬೇಕು, ಒಂದೊಂದು ಎಳೆಯೂ ಬೇರೆ ದಪ್ಪ ಇರಬೇಕು. ಕೆಲವನ್ನು ಹಣೆಗೆ, ಕಿವಿಯ ಹಿಂದೆ, ಕುತ್ತಿಗೆಗೆ ಒತ್ತಿ ಅಂಟಿಸಬೇಕು.

ಹನಿ ಬೇಕಾದರೆ ಗ್ಲಿಸರಿನ್ ಮತ್ತು ನೀರು ಸಮ ಸಮ ಬೆರೆಸಿ ಸ್ಪ್ರೇ ಮಾಡುತ್ತೇವೆ. ಅದು ಬೇಗ ಆರುವುದಿಲ್ಲ, ಹನಿ ಇದ್ದಲ್ಲೇ ಇರುತ್ತದೆ.

ರೆಂಡರ್‌ರಾಯ

ಅದು ನಿಜವಾದ ಕೂದಲಿಗೆ ಸರಿ ಮೇಡಂ. ಇದು ಸಾಫ್ಟ್‌ವೇರ್, ಇಲ್ಲಿ ಗ್ಲಿಸರಿನ್ ಕೆಲಸ ಮಾಡುವುದಿಲ್ಲ.

ನೋಡುಗಂಟು

ಮೇಡಂ ಹೇಳಿದ್ದೇ ಇಲ್ಲಿಗೂ ಸರಿ. "ಬಾಚಬೇಡಿ, ಹಿಂಡಿ." ಇಡೀ ಥ್ರೆಡ್‌ನ ಉತ್ತರ ಅದೇ. ಗ್ಲಿಸರಿನ್ ಮಾತ್ರ ನಮಗೆ ಬೇಡ, ನಮ್ಮ ಹನಿ ಆರುವುದಿಲ್ಲ.

ಕೆರೆದಂಡೆ

ಬೂದು ರೆಂಡರ್ ಹಾಕಿದ್ದೇನೆ, ನೋಡಿ. ನಿಜ, ಇದರಲ್ಲಿ ಒದ್ದೆ ಅನ್ನುವುದಕ್ಕೆ ಏನೂ ಇಲ್ಲ. ನೀಟಾಗಿ ಇಳಿಬಿದ್ದ ಒಣ ಕೂದಲು.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. Clump Hair Curves ಹಾಕಿದ್ದೇನೆ. ಆದರೆ `Guide Distance` ಎಷ್ಟು ಎಳೆದರೂ ಏನೂ ಬದಲಾಗುವುದಿಲ್ಲ. ಸುಮಾರು ನಲವತ್ತು ದಪ್ಪ ಜಟೆಗಳು ಬಂದು ನಿಂತಿವೆ, ಅಷ್ಟೇ. ಫ್ಯಾಕ್ಟರ್ ಹೆಚ್ಚಿಸಿದರೆ ಜಟೆಗಳು ಹಗ್ಗ ಆಗುತ್ತವೆ, ಕಡಿಮೆ ಮಾಡಿದರೆ ಒಣ ಕೂದಲಾಗುತ್ತದೆ. ಅದಕ್ಕೇ ಕಡಿಮೆ ಇಟ್ಟಿದ್ದೆ.

ನೋಡುಗಂಟು

ಅಲ್ಲೇ ಇದೆ ಗಂಟು. ಅದೇ ಮಾಡಿಫೈಯರ್‌ನಲ್ಲಿ `Existing Guide Map` ಅಂತ ಒಂದು ಟಿಕ್ ಇದೆ, ನೋಡಿ. ನೀವು ಕೈಯಲ್ಲಿ ಬಾಚಿದ ಕೂದಲುಗಳು ನಲವತ್ತೇ ಇರಬೇಕು, ಉಳಿದದ್ದನ್ನು Interpolate Hair Curves ತುಂಬಿಸಿದೆ. ಹಾಗೆ ತುಂಬಿಸುವಾಗ ಯಾವ ಕೂದಲು ಯಾರ ಹಿಂದೆ ಹೋಗಬೇಕು ಅಂತ ಅದು ಒಂದು ಪಟ್ಟಿ ಬರೆದಿಡುತ್ತದೆ. ಟಿಕ್ ಇದ್ದರೆ ಕ್ಲಂಪ್ ಆ ಪಟ್ಟಿಯನ್ನೇ ಹಿಡಿಯುತ್ತದೆ. ನಲವತ್ತು ಮುಖಂಡರು, ನಲವತ್ತು ಜಟೆ. `Guide Distance` ಅನ್ನು ಅದು ತಿರುಗಿಯೂ ನೋಡುವುದಿಲ್ಲ. ಟಿಕ್ ತೆಗೆಯಿರಿ, ಆಗ ಅದು ತನ್ನದೇ ಹೊಸ ಗುಂಪು ಮಾಡಿಕೊಳ್ಳುತ್ತದೆ.

ಈಗ ಮುಖ್ಯ ಮಾತು. ಒಂದೇ ಕ್ಲಂಪ್‌ನಿಂದ ಒದ್ದೆ ಕೂದಲು ಬರುವುದಿಲ್ಲ. ಒದ್ದೆ ಕೂದಲು ಹೇಗೆ ಅಂಟಿಕೊಳ್ಳುತ್ತದೆ ಅಂತ 2004ರಲ್ಲಿ ಫ್ರಾನ್ಸಿನ ಹೋಸೆ ಬಿಕೊ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ನೀರಿನ ಮೇಲ್ಮೈ ಎಳೆತ ಕೂದಲನ್ನು ಒಂದಕ್ಕೊಂದು ಎಳೆಯುತ್ತದೆ. ಕೂದಲಿನ ಬಿಗಿತ ಅದನ್ನು ತಡೆಯುತ್ತದೆ. ಇವೆರಡರ ಜಗ್ಗಾಟದಲ್ಲಿ ಮೊದಲು ಸಣ್ಣ ಸಣ್ಣ ಕಟ್ಟು ಆಗುತ್ತದೆ. ಆ ಕಟ್ಟುಗಳು ತುದಿಯ ಕಡೆ ಜೊತೆಗೂಡಿ ದೊಡ್ಡ ಕಟ್ಟಾಗುತ್ತವೆ. ಬುಡದಲ್ಲಿ ನೂರಾರು, ತುದಿಗೆ ಬರುವಾಗ ಕೆಲವೇ. ಉದ್ದ ಕೂದಲಿಗೆ ಬಾಗುವುದು ಸುಲಭ, ಹಾಗಾಗಿ ಕಟ್ಟುಗಳೂ ದೊಡ್ಡವು. ನಿಮ್ಮ ಅಕ್ಕನ ಕೂದಲು ಅರ್ಧ ಬೆನ್ನಿಗೆ ಬರುತ್ತದೆ ಅಂದರೆ ತುದಿಯಲ್ಲಿ ಗಟ್ಟಿಯಾದ, ಚೂಪಾದ ಜಡೆಯಂಥ ಕಟ್ಟುಗಳೇ ಬೇಕು.

ಹಾಗಾಗಿ ಎರಡು ಕ್ಲಂಪ್ ಮಾಡಿಫೈಯರ್ ಹಾಕಿ, ಒಂದರ ಮೇಲೆ ಒಂದು. ಎರಡರಲ್ಲೂ ಆ ಟಿಕ್ ತೆಗೆಯಿರಿ.

ಮೊದಲನೆಯದು ದೊಡ್ಡ ಕಟ್ಟಿಗೆ. `Guide Distance` 0.02, ಅಂದರೆ ಬುಡದಲ್ಲಿ 2 ಸೆಂ.ಮೀ. `Factor` 0.7. `Shape` 0.6 ಇಡಿ, ಇದು ತುದಿಯ ಕಡೆ ಮಾತ್ರ ಸೇರಲಿ. ಎರಡನೆಯದು ಸಣ್ಣ ಕಟ್ಟಿಗೆ. `Guide Distance` 0.005, `Factor` 0.95, `Shape` 0.25. ಇದು ನೆತ್ತಿಯ ಹತ್ತಿರದಿಂದಲೇ ಅಂಟಬೇಕು. `Shape` ಸೊನ್ನೆ ಮಾಡಿದರೆ ಬುಡದಿಂದ ತುದಿವರೆಗೆ ಒಂದೇ ಬಲ, ಆಗ ನೀವು ಹೇಳಿದ ಹಗ್ಗ ಬರುತ್ತದೆ. 0.5 ಅಂದರೆ ಬುಡದಿಂದ ತುದಿಗೆ ಸಮವಾಗಿ ಏರುತ್ತದೆ. `Tip Spread` ಎರಡರಲ್ಲೂ ಸೊನ್ನೆ, ಒದ್ದೆ ಕೂದಲಿನ ತುದಿ ಚೂಪು. ಬಣ್ಣದ ಬ್ರಷ್ ನೀರಿಗೆ ಅದ್ದಿ ಎತ್ತಿದರೆ ಹೇಗೋ ಹಾಗೆ.

ಈ ಅಂಕಿಗಳು ತಲೆ ನಿಜ ಅಳತೆಯಲ್ಲಿದ್ದರೆ ಮಾತ್ರ. ನಿಮ್ಮ ಪಾತ್ರದ ತಲೆ ಎರಡು ಮೀಟರ್ ಅಗಲ ಇದ್ದರೆ 0.005 ಅನ್ನುವುದು ಒಂದು ಕೂದಲಿನ ಸಂದಿಗಿಂತ ಚಿಕ್ಕದಾಗುತ್ತದೆ. ಆಗ ಕ್ಲಂಪೇ ಕಾಣುವುದಿಲ್ಲ.

ಕಾಡುಪಾಪ

ನಾನು ಇನ್ನೂ ಪಾರ್ಟಿಕಲ್ ಕೂದಲಲ್ಲೇ ಇದ್ದೇನೆ, ಚಿಲ್ಡ್ರನ್‌ನ `Clump` ಮತ್ತು `Shape` ಸಾಕಾಗುತ್ತದೆ. ಈ ಹೊಸ ನೋಡ್‌ಗಳೆಲ್ಲ ಯಾಕೆ ಬೇಕು? ಹಳೇದು ಚೆನ್ನಾಗೇ ಇದೆ.

ನೋಡುಗಂಟು

ಚೆನ್ನಾಗೇ ಇದೆ. ಆದರೆ ಅಲ್ಲಿ ಎರಡು ಹಂತದ ಕಟ್ಟು ಮಾಡಲು `Clump Noise` ಜೊತೆ ಗುದ್ದಾಡಬೇಕು. ಇವರು ಕರ್ವ್ ಅಂತ ಮೊದಲೇ ಹೇಳಿದ್ದಾರೆ.

ಕಾಡುಪಾಪ

ಗುದ್ದಾಡಿದರೆ ಬರುತ್ತದೆ ಅಂತ ಒಪ್ಪಿದಿರಲ್ಲ, ಸಾಕು.

ಬಣ್ಣದಡಬ್ಬಿ

ನಾನು ಚಿತ್ರ ಬರೆಯುವವನು, ನೋಡು ಗೀಡು ಗೊತ್ತಿಲ್ಲ. ಆದರೆ ಬೂದು ಚಿತ್ರ ನೋಡಿ ಎರಡು ಮಾತು ಹೇಳಬೇಕು ಅನ್ನಿಸಿತು.

ಒಂದು, ತಲೆ ದೊಡ್ಡದಾಯಿತು. ಒಣಗಿದಾಗ ಕೂದಲು ನೆತ್ತಿಯಿಂದ ಸ್ವಲ್ಪ ಎದ್ದು ನಿಂತಿರುತ್ತದೆ, ನಾವು ಅದನ್ನೇ ತಲೆಯ ಆಕಾರ ಅಂದುಕೊಂಡಿರುತ್ತೇವೆ. ಒದ್ದೆಯಾದರೆ ಅದು ಬುರುಡೆಗೆ ಮೆತ್ತಿಕೊಳ್ಳುತ್ತದೆ. ತಲೆ ಚಿಕ್ಕದಾಗಿ, ಕಿವಿ ದೊಡ್ಡದಾಗಿ ಕಾಣುತ್ತದೆ. ನಾಯಿಗೆ ಸ್ನಾನ ಮಾಡಿಸಿದವರಿಗೆಲ್ಲ ಇದು ಗೊತ್ತು.

ಎರಡು, ನೆತ್ತಿ ಎಲ್ಲಿ? ಕೂದಲು ಕಟ್ಟು ಕಟ್ಟಾದರೆ ಕಟ್ಟುಗಳ ನಡುವೆ ಬಿರುಕು ಬೀಳುತ್ತದೆ. ಬೈತಲೆ ಅಗಲವಾಗುತ್ತದೆ. ಹಣೆಯ ಮೇಲೆ, ಕಿವಿಯ ಮೇಲ್ಭಾಗದಲ್ಲಿ ಚರ್ಮದ ಬಣ್ಣ ಗೆರೆ ಗೆರೆಯಾಗಿ ಇಣುಕುತ್ತದೆ. ಕಪ್ಪು ಕೂದಲಲ್ಲಿ ಇದಕ್ಕಿಂತ ಜೋರಾಗಿ ಒದ್ದೆ ಅಂತ ಹೇಳುವ ಗುರುತು ಬೇರೆ ಇಲ್ಲ. ಕಪ್ಪು ಮತ್ತು ಚರ್ಮ ಪಕ್ಕ ಪಕ್ಕ ಬಂದಾಗ ಎಷ್ಟು ದೂರದಿಂದಲೂ ಕಾಣುತ್ತದೆ. ನಾನು ಬರೆಯುವಾಗ ಹೊಳಪಿನ ಬಿಳಿ ಹಾಕುವ ಮೊದಲೇ ನೆತ್ತಿಯ ಗೆರೆಗಳನ್ನು ಬರೆದಿಟ್ಟುಕೊಳ್ಳುತ್ತೇನೆ.

ಸೋಮಾರಿಸಂಜೆ

ನನಗೆ ಒಣಗಿದಾಗಲೂ ನೆತ್ತಿ ಕಾಣುತ್ತದೆ. ನಾನು ಯಾವಾಗಲೂ ಒದ್ದೆ ಅಂತ ಲೆಕ್ಕವಾ?

ಬಣ್ಣದಡಬ್ಬಿ

ನಿಮ್ಮದು ವಯಸ್ಸು ಸರ್.

ಕೆರೆದಂಡೆ

ಆ ಟಿಕ್ ತೆಗೆದ ಕೂಡಲೇ ಜೀವ ಬಂತು! ಎರಡು ಕ್ಲಂಪ್ ಹಾಕಿದೆ. ನೆತ್ತಿಯ ಗೆರೆಗಳೂ ತಾವಾಗೇ ಬಂದವು. ಆದರೆ ನೆತ್ತಿ ತೀರಾ ತೆಳು ಬಣ್ಣದಲ್ಲಿ, ಒಣಗಿದ ಹಾಗೆ ಕಾಣುತ್ತಿದೆ. ಕೂದಲಿನ ಕೆಳಗೆ ನೆತ್ತಿ ಕಾಣಬಹುದು ಅಂತ ನಾನು ಅಲ್ಲಿ ಏನೂ ಬಣ್ಣ ಹಚ್ಚಿರಲಿಲ್ಲ.

ಬುರುಡೆಗೆ ಮೆತ್ತಿಸುವುದು ಹೇಗೆ? ಗ್ರೂಮಿಂಗ್ ಬ್ರಷ್‌ನಿಂದ ಒತ್ತಿದರೆ ಕೆಲವು ಕೂದಲು ತಲೆಯೊಳಗೆ ಹೋಗುತ್ತವೆ.

ನೋಡುಗಂಟು

Shrinkwrap Hair Curves ಅಂತ ಒಂದು ಇದೆ. ತಲೆಯ ಮೆಶ್ ಕೊಡಿ, ಮೇಲ್ಮೈಯಿಂದ ಒಂದೆರಡು ಮಿ.ಮೀ. ಅಂತರ ಇಡಿ. ಇದನ್ನು ಇಂಟರ್‌ಪೊಲೇಟ್‌ಗಿಂತ ಮೊದಲು, ಗೈಡ್‌ಗಳ ಮೇಲೇ ಹಾಕಿದರೆ ಸಾಕು. ಹಣೆ ಮತ್ತು ಕುತ್ತಿಗೆಗೆ ಅಂಟುವ ನಾಲ್ಕೈದು ಎಳೆಗಳನ್ನು ಮಾತ್ರ ಕೈಯಲ್ಲೇ ಬಿಡಿ. ಅದನ್ನು ಯಾವ ಮಾಡಿಫೈಯರ್‌ಗೂ ಒಪ್ಪಿಸಬೇಡಿ. ಯಾವ ಎಳೆ ಎಲ್ಲಿ ಅಂಟಬೇಕು ಅನ್ನುವುದು ನಟನೆಗೆ ಸೇರಿದ್ದು.

ನೆತ್ತಿಗೆ ಚರ್ಮದ ಬಣ್ಣವನ್ನೇ ಸ್ವಲ್ಪ ಗಾಢ ಮಾಡಿ ಹಚ್ಚಿ, ರಫ್‌ನೆಸ್ 0.2ರ ಹತ್ತಿರ ಇಳಿಸಿ. ಹಣೆ, ಮೂಗು, ಭುಜ ಎಲ್ಲಕ್ಕೂ ಅಷ್ಟೇ. ನಿಮ್ಮ ಮೊದಲನೇ ರೆಂಡರ್‌ನಲ್ಲಿ ಕೂದಲು ಹೊಳೆಯುತ್ತಿತ್ತು, ಮುಖ ಪೌಡರ್ ಹಚ್ಚಿದ ಹಾಗೆ ಒಣಗಿತ್ತು. ಎಣ್ಣೆ ಅನ್ನಿಸಿದ್ದಕ್ಕೆ ಅರ್ಧ ಕಾರಣ ಅದು. ಕೂದಲು ಮಾತ್ರ ಹೊಳೆದು ಚರ್ಮ ಒಣಗಿದ್ದರೆ ನೋಡುವವರು ಎಣ್ಣೆ ಅಂತಲೇ ಓದುತ್ತಾರೆ.

ಕತ್ತರಿಬಾಚಣಿಗೆ

ಹೌದು ಹೌದು. ಸೆಟ್‌ನಲ್ಲೂ ಹೇರ್ ಒದ್ದೆ ಮಾಡಿದ ಮೇಲೆ ಮೇಕಪ್‌ನವರು ಮುಖ ಒರೆಸಿಬಿಡುತ್ತಾರೆ, ಜಗಳವೇ ಆಗುತ್ತದೆ. ಬಟ್ಟೆಯನ್ನೂ ಮರೆಯಬೇಡಿ. ಉದ್ದ ಕೂದಲಿನ ನೀರು ಬೆನ್ನಿನ ಮೇಲೆ, ಭುಜದ ಮೇಲೆ ಇಳಿದು ಬಟ್ಟೆಯ ಬಣ್ಣ ಗಾಢವಾಗುತ್ತದೆ.

ರೆಂಡರ್‌ರಾಯ

ಇಷ್ಟೆಲ್ಲ ಆದ ಮೇಲೂ ಹೊಳಪು ಬೇಕೇ ಬೇಕು ತಾನೇ? ನಾನು ಹೇಳಿದ್ದು ಅದನ್ನೇ. `Roughness` 0.05 ಇರಲಿ.

ನೋಡುಗಂಟು

ಹೊಳಪು ಬೇಕು, 0.05 ಬೇಡ. ಬಿಸಿಲು ಚಿಕ್ಕ ಬೆಳಕಿನ ಮೂಲ, ಕೂದಲು ತೆಳ್ಳಗಿನ ಎಳೆ. ಇವೆರಡರ ಮೇಲೆ ಅಷ್ಟು ಕಡಿಮೆ ರಫ್‌ನೆಸ್ ಕೊಟ್ಟರೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಸಿಡಿಯುತ್ತದೆ, ಉಳಿದ ಕೂದಲು ಕಪ್ಪಾಗೇ ಉಳಿಯುತ್ತದೆ. ಆ ಚುಕ್ಕೆ ಒರೆಸಲು ಡಿನಾಯ್ಸರ್ ಹಾಕುತ್ತೀರಿ. ಸ್ಯಾಂಪಲ್ ಕಡಿಮೆ ಇದ್ದರೆ ಅದು ಚುಕ್ಕೆಯ ಜೊತೆ ಕೂದಲಿನ ಎಳೆಯನ್ನೂ ಸವರಿಬಿಡುತ್ತದೆ. ಆಗ ಬರುವುದೇ ಆ ಜಿಡ್ಡು ಜಿಡ್ಡಾದ ನೋಟ. ಕೆರೆದಂಡೆ, ನಿಮ್ಮ ಮೊದಲನೇ ಚಿತ್ರದಲ್ಲಿ ಬಲಗಿವಿಯ ಮೇಲೆ ಹಿಗ್ಗಿಸಿ ನೋಡಿ. ಅಲ್ಲಿ ಕೂದಲೇ ಇಲ್ಲ, ಬರೀ ಮೆತ್ತಿದ ಕಪ್ಪು. ಒಂದು ಸಲ ಡಿನಾಯ್ಸರ್ ಆರಿಸಿ, ಸ್ಯಾಂಪಲ್ ಹೆಚ್ಚಿಸಿ, ಆ ಜಾಗವನ್ನಷ್ಟೇ ರೆಂಡರ್ ಮಾಡಿ ಹೋಲಿಸಿ.

ನಾನಾಗಿದ್ದರೆ `Roughness` 0.15, `Radial Roughness` 0.2, `Coat` 0.5ರ ಹತ್ತಿರ ಇಟ್ಟು ಶುರು ಮಾಡುತ್ತಿದ್ದೆ. `IOR` 1.55 ಇದೆಯಲ್ಲ, ಅದು ಕೂದಲಿನದು, ಹಾಗೇ ಬಿಡಿ. ನೀರಿಗೆ 1.33 ಅಂತ ಓದಿ ಕೂದಲಿಗೂ ಅದನ್ನೇ ಹಾಕುವವರಿದ್ದಾರೆ. ಹಾಕಿದರೆ ಹೊಳಪು ಇನ್ನೂ ಮಂಕಾಗುತ್ತದೆ.

ಬಣ್ಣದಡಬ್ಬಿ

ಹೊಳಪು ಎಷ್ಟು ಅನ್ನುವುದಕ್ಕಿಂತ ಹೊಳಪು ಎಲ್ಲಿ ಮುರಿಯುತ್ತದೆ ಅನ್ನುವುದನ್ನು ನೋಡಿ. ಬಾಚಿದ ತಲೆಗೆ, ಎಣ್ಣೆ ತಲೆಗೆ, ಹೊಳಪು ಒಂದು ಪಟ್ಟಿಯಾಗಿ ತಲೆಯ ಸುತ್ತ ಹಾಯುತ್ತದೆ. ಎಲ್ಲ ಕೂದಲೂ ಒಂದೇ ದಿಕ್ಕಿಗೆ ಬಾಗಿವೆ, ಹಾಗಾಗಿ ಎಲ್ಲವೂ ಒಂದೇ ಎತ್ತರದಲ್ಲಿ ಹೊಳೆಯುತ್ತವೆ. ಒದ್ದೆ ತಲೆಯಲ್ಲಿ ಆ ಪಟ್ಟಿ ಚೂರು ಚೂರಾಗುತ್ತದೆ. ಒಂದೊಂದು ಕಟ್ಟೂ ತನ್ನದೇ ಬಾಗು ಹೊಂದಿರುವುದರಿಂದ ಒಂದು ಮೇಲೆ ಹೊಳೆಯುತ್ತದೆ, ಪಕ್ಕದ್ದು ಕೆಳಗೆ ಹೊಳೆಯುತ್ತದೆ. ಹೊಳಪು ಅಡ್ಡ ಪಟ್ಟಿಯಾಗಿ ಉಳಿಯದೆ ಕಟ್ಟಿನ ಉದ್ದಕ್ಕೂ ತೆಳ್ಳನೆಯ ಗೆರೆಯಾಗಿ ಓಡುತ್ತದೆ. ಗೆರೆಯ ಅಂಚು ಚುರುಕಾಗಿರಬೇಕು, ಪಕ್ಕದಲ್ಲೇ ಪೂರ್ತಿ ಕಪ್ಪು ಇರಬೇಕು. ನಡುವೆ ಬೂದು ಜಾಸ್ತಿ ಬಂದರೆ ಒದ್ದೆತನ ಹೋಯಿತು.

ಕೆರೆದಂಡೆ

ನನ್ನದರಲ್ಲಿ ಈಗಲೂ ಪಟ್ಟಿಯೇ ಕಾಣುತ್ತಿದೆ, ಸ್ವಲ್ಪ ಹಲ್ಲು ಹಲ್ಲಾಗಿದೆ ಅಷ್ಟೇ.

ನೋಡುಗಂಟು

ಕಟ್ಟುಗಳೆಲ್ಲ ಸಮಾನಾಂತರ ಇರಬೇಕು, ಅದಕ್ಕೆ. ಮೊದಲನೇ ಕ್ಲಂಪ್‌ನಲ್ಲಿ `Clump Offset` ಸ್ವಲ್ಪ ಕೊಡಿ, 0.004 ಇಂದ 0.008 ಒಳಗೆ. ಕಟ್ಟುಗಳು ಒಂದೊಂದು ಕಡೆ ಸರಿಯುತ್ತವೆ, ಬಾಗು ಬೇರೆಯಾಗುತ್ತದೆ, ಪಟ್ಟಿ ತಾನಾಗೇ ಒಡೆಯುತ್ತದೆ. Frizz ಮಾತ್ರ ಹಾಕಬೇಡಿ, ಅದು ಒಣ ಕೂದಲಿನ ಗುಣ. ಹಾರುವ ಒಂಟಿ ಎಳೆ ಒಂದೂ ಇರಬಾರದು. ಬಿಸಿಲು ಹಿಂದಿನಿಂದ ಬರುತ್ತಿದೆ ಅಂದಿರಿ, ಒಂದೇ ಒಂದು ಹಾರುವ ಎಳೆ ಇದ್ದರೂ ಬೆಳಕಿಗೆ ಎದ್ದು ಕಾಣುತ್ತದೆ.

ಅಟ್ಟದಮೇಲೆ

ತಡವಾಗಿ ಬಂದೆ. ನಾನು ಈ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡುವವನು. ಕ್ಲೋಸಪ್ ಅಂದರೆ ಕ್ಲಂಪ್ ಮತ್ತು ರಫ್‌ನೆಸ್ ಸಾಲುವುದಿಲ್ಲ. ನಿಜವಾದ ಒದ್ದೆ ಕಟ್ಟಿನಲ್ಲಿ ಕೂದಲುಗಳ ನಡುವೆ ನೀರು ತುಂಬಿರುತ್ತದೆ, ಹೊರಗಿನಿಂದ ನೋಡಿದರೆ ಒಂದೇ ನಯವಾದ ಮೈ. ನಿಮ್ಮದರಲ್ಲಿ ಹತ್ತಿರ ಹೋದರೆ ಇನ್ನೂ ಬಿಡಿ ಬಿಡಿ ಕೂದಲೇ ಹೊಳೆಯುತ್ತದೆ. ದೊಡ್ಡ ಕಟ್ಟುಗಳ ಗೈಡ್ ತೆಗೆದುಕೊಂಡು `Curve to Mesh`ನಿಂದ ತೆಳ್ಳನೆಯ ಕೊಳವೆ ಮಾಡಿ, ಅದಕ್ಕೆ ನೀರಿನ ಮೆಟೀರಿಯಲ್ ಹಾಕಿ. ಕೂದಲು ಒಳಗೆ, ನೀರು ಹೊರಗೆ.

ನೋಡುಗಂಟು

ಮಾಡಿ ನೋಡಿದ್ದೇನೆ. ಗಾಜಿನೊಳಗೆ ಕೂದಲು ಹಾಕಿದರೆ ರೆಂಡರ್ ಸಮಯ ಎಲ್ಲಿಗೋ ಹೋಗುತ್ತದೆ. ಒಳಗಿನ ಕೂದಲಿಗೆ ಬಿಸಿಲು ಸರಿಯಾಗಿ ತಲುಪದೆ ಮಸಿಯಾಗುತ್ತದೆ. ಕೊಳವೆಯ ತುದಿ ಎಲ್ಲಿ ಮುಗಿಯಿತು ಅನ್ನುವುದೂ ಕಾಣುತ್ತದೆ. ಭುಜದ ಶಾಟ್‌ಗೆ ಬೇಡ.

ಅಟ್ಟದಮೇಲೆ

ತುದಿಗೆ ದಪ್ಪ ಕಡಿಮೆ ಮಾಡುತ್ತಾ ಹೋದರೆ ಕಾಣುವುದಿಲ್ಲ. ಕೂದಲು ಹೇಗೂ ಕಪ್ಪು, ಒಳಗೆ ಮಸಿಯಾದರೆ ಯಾರಿಗೆ ಗೊತ್ತಾಗುತ್ತದೆ? ಎಲ್ಲ ಕಟ್ಟಿಗೂ ಬೇಡ, ಮುಖದ ಪಕ್ಕದ ಎರಡು ಮೂರಕ್ಕೆ ಮಾತ್ರ.

ನೋಡುಗಂಟು

ಎರಡು ಮೂರಕ್ಕೆ ಮಾಡಿದರೆ ಉಳಿದದ್ದಕ್ಕಿಂತ ಬೇರೆ ಕಾಣುತ್ತದೆ ಅಂತ ನನ್ನ ತಕರಾರು. ಕೆರೆದಂಡೆ ಎರಡನ್ನೂ ರೆಂಡರ್ ಮಾಡಿ ತಂಗಿಗೆ ತೋರಿಸಲಿ.

ಕೆರೆದಂಡೆ

ತಂಗಿ ಸಂಬಳ ಕೇಳುತ್ತಿದ್ದಾಳೆ.

ಕೊಳವೆ ಆಮೇಲೆ ನೋಡುತ್ತೇನೆ. ಮೊದಲು ಹನಿ. Geometry Nodesನಲ್ಲಿ `Endpoint Selection` ಹಾಕಿ, ಪ್ರತಿ ಕೂದಲಿನ ತುದಿಗೆ ಒಂದು ಗೋಳ ಇನ್‌ಸ್ಟನ್ಸ್ ಮಾಡಿದೆ. ಸಾವಿರಾರು ಮಣಿ ಪೋಣಿಸಿದ ಹಾಗಾಯಿತು. ಅದೂ ಸಾಲದ್ದಕ್ಕೆ ಹನಿಗಳೆಲ್ಲ ಕಪ್ಪು.

ಅಟ್ಟದಮೇಲೆ

ಪ್ರತಿ ಕೂದಲಿಗೆ ಹನಿ ಇರುವುದಿಲ್ಲ ಮಾರಾಯರೇ. ಒಂದು ಕಟ್ಟಿಗೆ ಒಂದು ಹನಿ, ಅದೂ ಎಲ್ಲ ಕಟ್ಟಿಗೂ ಅಲ್ಲ. ನಿಮ್ಮದು ಕೂತು ಮಾತಾಡುವ ಶಾಟ್. ಐದಾರು ಹನಿ ಕೈಯಲ್ಲೇ ಮಾಡಿ ಇಟ್ಟುಬಿಡಿ. ಗೋಳ ಬೇಡ, ಕೆಳಗೆ ದುಂಡಗೆ, ಮೇಲೆ ಕೂದಲಿನ ಉದ್ದಕ್ಕೆ ಎಳೆದ ಹಾಗೆ ಇರಲಿ. ಕೂದಲಿನ ತುದಿ ಹನಿಯೊಳಗೆ ಮುಳುಗಿರಬೇಕು, ಹನಿಯ ತಲೆಗೆ ತಾಗಿ ನಿಂತರೆ ಮಣಿಯೇ ಆಗುತ್ತದೆ. ಅಗಲ 3 ಮಿ.ಮೀ. ಆಸುಪಾಸು, 4 ದಾಟಬೇಡಿ. ಅದಕ್ಕಿಂತ ದೊಡ್ಡದಾದರೆ ನೀರು ನಿಲ್ಲದೆ ಬೀಳುತ್ತದೆ, ನೋಡುವವರ ಕಣ್ಣಿಗೂ ಅದು ಗೊತ್ತಿರುತ್ತದೆ.

ಅವಳು ಎದ್ದು ಬಂದು ಎಷ್ಟು ಹೊತ್ತಾಯಿತು ಅನ್ನುವುದನ್ನೂ ತೀರ್ಮಾನ ಮಾಡಿ. ನೀರಿನಿಂದ ತಲೆ ಹೊರಗೆ ಬಂದ ಕ್ಷಣದಲ್ಲಿ ಕಟ್ಟು ಗಿಟ್ಟು ಏನೂ ಇಲ್ಲ, ಇಡೀ ಕೂದಲು ಒಂದು ಹಾಳೆಯಾಗಿ ಮೆತ್ತಿಕೊಂಡು ನೀರು ಧಾರೆಯಾಗಿ ಇಳಿಯುತ್ತಿರುತ್ತದೆ. ಧಾರೆ ನಿಂತ ಮೇಲೆ ಕಟ್ಟುಗಳು ಬೇರೆಯಾಗುತ್ತವೆ, ಹನಿ ಬೀಳುವುದು ಆಮೇಲೆ. ಮುಂದಿನ ಶಾಟ್ ಐದು ನಿಮಿಷ ಬಿಟ್ಟು ಅಂದರೆ ಮೇಲಿನ ಕೂದಲು ಆಗಲೇ ಬಿಡಿಸಿಕೊಳ್ಳಲು ಶುರುವಾಗಿರುತ್ತದೆ, ತುದಿ ಮಾತ್ರ ಒದ್ದೆ.

ಬಣ್ಣದಡಬ್ಬಿ

ಹನಿ ಕಪ್ಪಾಗಿದ್ದು ತಪ್ಪಲ್ಲ, ಅದು ಬಾವಿಯ ಗೋಡೆ! ಹನಿಯೊಳಗೆ ಹಿಂದಿನ ದೃಶ್ಯ ತಲೆಕೆಳಗಾಗಿ ಕಾಣುತ್ತದೆ. ಆಕಾಶ ಹನಿಯ ಕೆಳಭಾಗದಲ್ಲಿ ಬರಬೇಕು, ಕತ್ತಲೆಯ ಗೋಡೆ ಮೇಲ್ಭಾಗದಲ್ಲಿ. ಹೊಸಬರು ಹನಿ ಬರೆಯುವಾಗ ಮೇಲೆ ಬೆಳ್ಳಗೆ, ಕೆಳಗೆ ಕಪ್ಪು ಮಾಡುತ್ತಾರೆ, ಆಗ ಅದು ಉಕ್ಕಿನ ಗುಂಡು. ಮೇಲೆ ಒಂದು ಚಿಕ್ಕ ಬಿಳಿ ಚುಕ್ಕೆ, ಅದರ ಸುತ್ತ ಕಪ್ಪು, ಕೆಳಗೆ ಹರಡಿದ ಬೆಳಕು. ಹೀಗಿದ್ದರೆ ನೀರು.

ನಿಮ್ಮ ಸೀನ್‌ನಲ್ಲಿ ಆಕಾಶ ಇದೆಯಾ?

ಕೆರೆದಂಡೆ

ಇಲ್ಲ! ಬರೀ ಸೂರ್ಯನ ಲೈಟ್ ಮತ್ತು ಒಂದು ಏರಿಯಾ ಲೈಟ್. ವರ್ಲ್ಡ್ ಕಪ್ಪು.

ಅಟ್ಟದಮೇಲೆ

ಹಾಗಿದ್ದರೆ ಹನಿಗೆ ತೋರಿಸಲು ಏನಿದೆ? ವರ್ಲ್ಡ್‌ಗೆ `Sky Texture` ಹಾಕಿ, ಬಾವಿಯ ಕಲ್ಲಿನ ಗೋಡೆ ಸೀನ್‌ನಲ್ಲಿ ಇರಲಿ. ಹನಿಗೆ `Transmission` 1, `Roughness` 0, `IOR` 1.333. ಕೂದಲಿನ ಹೊಳಪೂ ಇದರಿಂದಲೇ ಸುಧಾರಿಸುತ್ತದೆ. ಈಗ ಅದು ಸೂರ್ಯನನ್ನು ಮಾತ್ರ ಪ್ರತಿಫಲಿಸುತ್ತಿದೆ.

ಈಜುಮೀನು

ಕತ್ತರಿಬಾಚಣಿಗೆ ಅಕ್ಕ, ನೆನೆಸಿಕೊಂಡು ಇಳಿದೆ, ಪರವಾಗಿಲ್ಲ ಅನ್ನಿಸಿತು. ಆದರೆ ಟೋಪಿ ಹಾಕಿದರೆ ಕಿವಿ ನೋಯುತ್ತದೆ. ಸಿಲಿಕೋನ್ ಒಳ್ಳೆಯದಾ ಬಟ್ಟೆಯದಾ?

ಕತ್ತರಿಬಾಚಣಿಗೆ

ಉದ್ದ ಕೂದಲಿಗೆ ಸಿಲಿಕೋನ್, ದೊಡ್ಡ ಸೈಜ್ ಕೇಳಿ ತಗೊಳ್ಳಿ. ಬಟ್ಟೆಯದು ಕಿವಿಗೆ ಹಗುರ, ಆದರೆ ನೀರು ತಡೆಯುವುದಿಲ್ಲ.

ಕೆರೆದಂಡೆ

ಹೊಸ ರೆಂಡರ್ ಹಾಕಿದ್ದೇನೆ. ಆಕಾಶ ಹಾಕಿದ್ದೇ ದೊಡ್ಡ ಬದಲಾವಣೆ. `Clump Offset` 0.006ಕ್ಕೆ ಪಟ್ಟಿ ಒಡೆಯಿತು. ಎಡಗಡೆ ಒಂದು ಕಟ್ಟು ಕೆನ್ನೆಯ ಪಕ್ಕ ಇಳಿದು ಗಲ್ಲದ ಕೆಳಗೆ ಚೂಪಾಗಿದೆ, ಅದರ ತುದಿಗೆ ಒಂದು ಹನಿ ಇಟ್ಟೆ. ಹನಿಯ ಕೆಳಗೆ ಆಕಾಶ ಬಂದಿದೆ, ನೋಡಿ. ರವಿಕೆಯ ಭುಜವನ್ನೂ ಗಾಢ ಮಾಡಿದೆ. ತಂಗಿ "ನೆಗಡಿ ಆಗುತ್ತದೆ, ಟವೆಲ್ ಕೊಡು" ಅಂದಳು.

ಕೊಳವೆ ಹಾಕಿದ್ದು ಮತ್ತು ಹಾಕದ್ದು ಎರಡೂ ಇದೆ. ನನಗೆ ಹಾಕಿದ್ದೇ ಇಷ್ಟವಾಯಿತು, ಆದರೆ ಒಂದು ಫ್ರೇಮ್‌ಗೆ ಎರಡರಷ್ಟು ಸಮಯ.

ನೋಡುಗಂಟು

ಹಾಕದ್ದೇ ಚೆನ್ನಾಗಿದೆ. ಹಾಕಿದ್ದರಲ್ಲಿ ಆ ಒಂದು ಕಟ್ಟು ಪ್ಲಾಸ್ಟಿಕ್.

ಅಟ್ಟದಮೇಲೆ

ಪ್ಲಾಸ್ಟಿಕ್ ಕಾಣುವುದು ಕೊಳವೆ ತೀರಾ ದುಂಡಗೆ ಇರುವುದಕ್ಕೆ. ಸ್ವಲ್ಪ ಚಪ್ಪಟೆ ಮಾಡಿ, ದಪ್ಪದಲ್ಲಿ ಏರಿಳಿತ ಕೊಡಿ.

ರೆಂಡರ್‌ರಾಯ

ನನಗೆ ಎರಡೂ ಒಂದೇ ಥರ ಕಾಣುತ್ತಿದೆ. ಕಪ್ಪು ಸ್ವಲ್ಪ ಕಡಿಮೆಯಾಯಿತು ಅನ್ನಿಸುತ್ತದೆ.

ಬಣ್ಣದಡಬ್ಬಿ

ಹುಬ್ಬು ನೋಡಿ ಕೆರೆದಂಡೆ. ತಲೆ ಪೂರ್ತಿ ತೊಯ್ದಿದೆ, ಹುಬ್ಬು ಮತ್ತು ರೆಪ್ಪೆ ಮಾತ್ರ ಒಣಗಿ ಬಿಡಿ ಬಿಡಿಯಾಗಿವೆ.

ಕೆರೆದಂಡೆ

ಅಯ್ಯೋ. ಹುಬ್ಬಿಗೂ ಅದೇ ಎರಡು ಕ್ಲಂಪಾ?

ನೋಡುಗಂಟು

ಒಂದೇ ಸಾಕು, `Guide Distance` 0.002. ರೆಪ್ಪೆಗೆ ಕ್ಲಂಪ್ ಬೇಡ, ಮೂರು ಮೂರು ಕೂದಲನ್ನು ತುದಿಯಲ್ಲಿ ಕೈಯಿಂದ ಸೇರಿಸಿ. ಚಿಕ್ಕ ಕೂದಲು ಬಾಗುವುದಿಲ್ಲ, ಹಾಗಾಗಿ ಅಲ್ಲಿ ದೊಡ್ಡ ಕಟ್ಟು ಆಗುವುದೇ ಇಲ್ಲ.